ಕೇಶವ ಮಾಧವನಾಗುವ ಬಗೆ: ತಿರುವಿದ ಫೋಟೋ, ಕತ್ತರಿಸಿದ ಫೋಟೋ

(ಊರಿನ ಹಳೆಯ ಫೋಟೋ, ಶಾಸನ, ಮೂರ್ತಿಗಳ ವಿವರ ಸಂಗ್ರಹಿಸುವವರಿಗಾಗಿ ಶಿವಮೊಗ್ಗದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಪರದೆ ಮೇಲಿರುವ ಮೂರ್ತಿಯನ್ನು ಒಂದು ನಿಮಿಷ ನೋಡಿ. ಹೊಯ್ಸಳರ ಕಾಲದ ಕೆಲಸ. ನಿಂತ ವಿಷ್ಣು, ನಾಲ್ಕು ಕೈ. ಈ ಫೋಟೋ ಒಂದು ದೇವಸ್ಥಾನದ ಸ್ಮರಣ ಸಂಚಿಕೆಯಲ್ಲಿ ಅಚ್ಚಾಗಿತ್ತು. ಕೆಳಗೆ ‘ಮಾಧವ’ ಎಂದು ಹಾಕಿದ್ದರು. ಊರಿನವರನ್ನು ಕೇಳಿದರೆ ‘ನಮ್ಮ ದೇವರು ಕೇಶವ’ ಅನ್ನುತ್ತಾರೆ. ಸಂಚಿಕೆಗೆ ಬರೆದವರು ಶಿಲ್ಪಶಾಸ್ತ್ರ ಓದಿಕೊಂಡವರು, ಕೈಯಲ್ಲಿರುವ ಆಯುಧ ನೋಡಿಯೇ ಹೆಸರು ಹೇಳಿದ್ದರು. ಅವರು ಓದಿದ್ದೂ ಸರಿ, ಊರಿನವರು ಹೇಳಿದ್ದೂ ಸರಿ. ಎಡವಟ್ಟಾಗಿದ್ದು ಫೋಟೋದಲ್ಲಿ.

ಇದು ಹೇಗೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ. ಇಲ್ಲಿ ಎಡ, ಬಲ ಅಂದರೆ ನಮ್ಮದಲ್ಲ, ಮೂರ್ತಿಯದು. ಮೂರ್ತಿ ನಮ್ಮ ಎದುರಿಗೆ ನಿಂತಿದೆ, ಹಾಗಾಗಿ ಅದರ ಬಲಗೈ ನಮ್ಮ ಎಡಕ್ಕೆ ಬರುತ್ತದೆ.

ವಿಷ್ಣುವಿನ ನಾಲ್ಕು ಕೈಯಲ್ಲಿ ನಾಲ್ಕು ವಸ್ತು: ಶಂಖ, ಚಕ್ರ, ಗದೆ, ಪದ್ಮ. ನಾಲ್ಕು ವಸ್ತುವನ್ನು ನಾಲ್ಕು ಕೈಗೆ ಹಂಚಲು ಒಟ್ಟು 24 ದಾರಿಗಳಿವೆ. ನಮ್ಮ ಹಿಂದಿನವರು ಆ 24ರಲ್ಲಿ ಒಂದನ್ನೂ ಬಿಡಲಿಲ್ಲ. ಪ್ರತಿಯೊಂದಕ್ಕೂ ಒಂದು ಹೆಸರು ಕೊಟ್ಟರು. ಅವೇ ಚತುರ್ವಿಂಶತಿ ಮೂರ್ತಿಗಳು. ಸಂಧ್ಯಾವಂದನೆ ಮಾಡುವವರಿಗೆ ಈ ಹೆಸರುಗಳು ಬಾಯಿಪಾಠ: ಕೇಶವ, ನಾರಾಯಣ, ಮಾಧವ, ಗೋವಿಂದ, ಹೀಗೆ ಸಾಗುತ್ತದೆ. ಮುಖ ಒಂದೇ, ಕಿರೀಟ ಒಂದೇ, ನಿಲುವು ಒಂದೇ. ಯಾವ ಕೈಯಲ್ಲಿ ಏನಿದೆ ಎಂಬುದಷ್ಟೇ ಹೆಸರನ್ನು ನಿರ್ಧರಿಸುತ್ತದೆ.

ಓದುವ ಕ್ರಮ ಇಷ್ಟೇ. ಬಲ ಕೆಳಗೈಯಿಂದ ಶುರು ಮಾಡಿ, ಬಲ ಮೇಲ್ಗೈ, ಆಮೇಲೆ ಎಡ ಮೇಲ್ಗೈ, ಕೊನೆಗೆ ಎಡ ಕೆಳಗೈ. ಈ ಕ್ರಮದಲ್ಲಿ ಪದ್ಮ, ಶಂಖ, ಚಕ್ರ, ಗದೆ ಬಂದರೆ ಅವನು ಕೇಶವ. ಗದೆ, ಚಕ್ರ, ಶಂಖ, ಪದ್ಮ ಬಂದರೆ ಮಾಧವ. ಎರಡನ್ನೂ ಇನ್ನೊಮ್ಮೆ ಮನಸ್ಸಿನಲ್ಲೇ ಹೇಳಿಕೊಳ್ಳಿ. ಕೇಶವನ ಪಟ್ಟಿಯನ್ನು ಹಿಂದಿನಿಂದ ಮುಂದಕ್ಕೆ ಓದಿದರೆ ಮಾಧವ ಸಿಕ್ಕಿದ, ಅಲ್ವಾ? ಕನ್ನಡಿ ಮಾಡುವುದೂ ಅದನ್ನೇ. ಎಡಗೈಯನ್ನು ಬಲಕ್ಕೆ, ಬಲಗೈಯನ್ನು ಎಡಕ್ಕೆ ತರುತ್ತದೆ. ಹಾಗಾಗಿ ಕೇಶವನ ಫೋಟೋವನ್ನು ತಿರುವಿ ಅಚ್ಚು ಹಾಕಿದರೆ ಅಲ್ಲಿ ಕಾಣುವುದು ಶಾಸ್ತ್ರಕ್ಕೆ ಪೂರ್ತಿ ಒಪ್ಪುವ ಮಾಧವ. ನಾರಾಯಣನನ್ನು ತಿರುವಿದರೆ ಗೋವಿಂದ. ಜನಾರ್ದನನನ್ನು ತಿರುವಿದರೆ ವಾಸುದೇವ. 24 ಹೆಸರುಗಳೂ ಹೀಗೆ 12 ಜೋಡಿಗಳಾಗಿ ಕೂಡಿಕೊಳ್ಳುತ್ತವೆ. ತಿರುವಿದರೂ ತನ್ನ ಹೆಸರನ್ನೇ ಉಳಿಸಿಕೊಳ್ಳುವ ಮೂರ್ತಿ ಒಂದೂ ಇಲ್ಲ.

ಇದರ ಅಪಾಯ ಗಮನಿಸಿ. ತಿರುವಿದ ಫೋಟೋ ಅಸಂಬದ್ಧವಾಗಿ ಕಂಡರೆ ಯಾರಾದರೂ ಅನುಮಾನ ಪಡುತ್ತಿದ್ದರು. ಇಲ್ಲಿ ಹಾಗಾಗುವುದಿಲ್ಲ. ತಪ್ಪು ಉತ್ತರಕ್ಕೂ ಒಂದು ಸರಿಯಾದ ಹೆಸರು ಸಿದ್ಧವಾಗಿ ಕಾದಿದೆ.

ಒಂದು ಮಾತು ಸೇರಿಸಬೇಕು. ಯಾವ ಹಂಚಿಕೆಗೆ ಯಾವ ಹೆಸರು ಎಂಬುದರಲ್ಲಿ ಗ್ರಂಥದಿಂದ ಗ್ರಂಥಕ್ಕೆ ಸ್ವಲ್ಪ ವ್ಯತ್ಯಾಸ ಇದೆ. ನಾನು ಹೇಳಿದ್ದು ಹೆಚ್ಚು ಬಳಕೆಯಲ್ಲಿರುವ ಪಟ್ಟಿ. ಬೇರೆ ಪಟ್ಟಿ ಹಿಡಿದರೆ ಹೆಸರು ಬದಲಾಗಬಹುದು, ತಿರುವಿದಾಗ ಮೂರ್ತಿ ಬದಲಾಗುವುದು ಮಾತ್ರ ತಪ್ಪುವುದಿಲ್ಲ.

ಈಗ ಇದಕ್ಕೆ ಉಲ್ಟಾ ತಪ್ಪು ಒಂದಿದೆ, ಅದು ಇನ್ನೂ ಜಾಸ್ತಿ ನಡೆಯುತ್ತದೆ. ನಮ್ಮೆಲ್ಲರ ಕಣ್ಣಿಗೆ ಅಭ್ಯಾಸವಾದ ವಿಷ್ಣು ಅಂದರೆ ತಿರುಪತಿಯ ವೆಂಕಟೇಶ್ವರ. ಬಲ ಮೇಲ್ಗೈಯಲ್ಲಿ ಚಕ್ರ, ಎಡ ಮೇಲ್ಗೈಯಲ್ಲಿ ಶಂಖ. ಮನೆಮನೆಯ ಕ್ಯಾಲೆಂಡರಿನಲ್ಲಿ ಅವನೇ. ಆ ಕಣ್ಣಿನಿಂದ ಕೇಶವನನ್ನು ನೋಡಿ. ಶಂಖ ಬಲಕ್ಕಿದೆ, ಚಕ್ರ ಎಡಕ್ಕಿದೆ. ‘ಓಹೋ, ಫೋಟೋ ತಿರುಗಿದೆ’ ಎಂದು ಪುಟ ಜೋಡಿಸುವ ಹುಡುಗ ಒಂದು ಬಟನ್ ಒತ್ತಿ ‘ಸರಿ’ ಮಾಡುತ್ತಾನೆ. ಸರಿಯಾಗಿದ್ದ ಫೋಟೋ ಅಲ್ಲಿಗೆ ಹಾಳಾಯಿತು.

ಹಾಗಾಗಿ ನಾನು ಹಿಡಿದಿರುವ ನಿಯಮ ಇದು: ಯಾವುದನ್ನು ಗುರುತಿಸಬೇಕೋ ಅದರಿಂದಲೇ ಫೋಟೋದ ದಿಕ್ಕನ್ನು ತೀರ್ಮಾನಿಸಬಾರದು. ಶಂಖ, ಚಕ್ರ ನೋಡಿ ಹೆಸರು ಹೇಳಬೇಕು ಅಂತಿದ್ದರೆ, ಫೋಟೋ ತಿರುಗಿದೆಯೋ ಇಲ್ಲವೋ ಎಂಬುದನ್ನು ಶಂಖ, ಚಕ್ರದಿಂದ ಹೇಳುವ ಹಾಗಿಲ್ಲ. ಬೇರೆ ಸಾಕ್ಷಿ ಬೇಕು. ಹೆಸರಿಗೆ ಸಂಬಂಧವೇ ಇಲ್ಲದ, ಆದರೆ ಎಡಬಲ ಖಚಿತವಾಗಿರುವ ಸಾಕ್ಷಿ.

ಮೂರ್ತಿಯಲ್ಲಿ ಆ ಸಾಕ್ಷಿ ಸಾಮಾನ್ಯವಾಗಿ ಜನಿವಾರ. ಅದು ಎಡ ಭುಜದಿಂದ ಇಳಿದು ಬಲ ಸೊಂಟದ ಕಡೆ ಹೋಗುತ್ತದೆ. ಹೊಯ್ಸಳ ಮೂರ್ತಿಗಳಲ್ಲಿ ಎದೆ ತುಂಬ ಹಾರಗಳು, ಜನಿವಾರ ಅದರ ನಡುವೆ ಮುಚ್ಚಿ ಹೋಗಿರುತ್ತದೆ. ಎದೆಯ ಮೇಲೆ ಹುಡುಕಬೇಡಿ. ಹಾರಗಳು ಮುಗಿದ ಮೇಲೆ, ಹೊಟ್ಟೆಯ ಪಕ್ಕದಲ್ಲಿ ಒಂದು ಎಳೆ ಓರೆಯಾಗಿ ಇಳಿಯುವುದು ಕಾಣುತ್ತದೆ. ಅದು ಯಾವ ಸೊಂಟಕ್ಕೆ ಹೋಗಿದೆ ನೋಡಿ. ಸಂಚಿಕೆಯ ಈ ಫೋಟೋದಲ್ಲಿ ಎಡ ಸೊಂಟಕ್ಕೆ ಹೋಗಿದೆ. ಅಂದರೆ ಫೋಟೋ ತಿರುಗಿದೆ. ಇನ್ನೊಂದು ಫೋಟೋ ಸಿಕ್ಕರೆ ಪ್ರಭಾವಳಿಯ ಅಂಚಿನಲ್ಲಿ ಒಡೆದ ಚೂರು ಯಾವ ಕಡೆ ಇದೆ ಎಂದು ಹೋಲಿಸಬಹುದು. ದೇವಸ್ಥಾನ ಹತ್ತಿರದಲ್ಲೇ ಇದ್ದರೆ ಬಸ್ಸು ಹತ್ತಿ ಹೋಗಿ ನೋಡುವುದೇ ವಾಸಿ ಅನ್ನಿ.

ಜೋಡಿ ಮೂರ್ತಿಗಳಲ್ಲಿ ಕೆಲಸ ಇನ್ನೂ ಸುಲಭ. ಲಕ್ಷ್ಮೀನರಸಿಂಹನಲ್ಲಿ ಲಕ್ಷ್ಮಿ ಕೂತಿರುವುದು ಎಡ ತೊಡೆಯ ಮೇಲೆ. ಉಮಾಮಹೇಶ್ವರದಲ್ಲೂ ಉಮೆ ಎಡಕ್ಕೆ. ಅರ್ಧನಾರೀಶ್ವರನ ಹೆಣ್ಣು ಭಾಗ ಎಡಭಾಗ. ಗಣಪತಿಯ ವಿಷಯ ಮಾತ್ರ ಕಷ್ಟ. ಸೊಂಡಿಲು ಎಡಕ್ಕೆ ತಿರುಗಿದ ಗಣಪತಿಗಳೇ ಹೆಚ್ಚು, ಬಲಮುರಿ ಅಪರೂಪ, ಅದಕ್ಕೇ ವಿಶೇಷ. ಒಂದು ಮಾಮೂಲಿ ಗಣಪತಿಯ ಫೋಟೋ ತಿರುವಿದರೆ ಕೂತಲ್ಲೇ ‘ಅಪರೂಪದ ಬಲಮುರಿ ಗಣಪತಿ’ ತಯಾರು. ವಾಟ್ಸಾಪಿನಲ್ಲಿ ಅಂಥ ಫೋಟೋ ಬಂದರೆ ಸೊಂಡಿಲನ್ನು ಬಿಟ್ಟು ಬೇರೆ ಎಲ್ಲವನ್ನೂ ಮೊದಲು ನೋಡಿ.

ಈಗ ಕತ್ತರಿಸುವ ವಿಷಯಕ್ಕೆ ಬರೋಣ. ಇದೇ ಫೋಟೋವನ್ನು ಎದೆಯವರೆಗೆ ಮಾತ್ರ ಉಳಿಸಿ ಮುಖಪುಟಕ್ಕೆ ಹಾಕಿದರು ಅಂತಿಟ್ಟುಕೊಳ್ಳಿ. ಮೇಲ್ಗೈ ಎರಡು ಉಳಿದವು, ಕೆಳಗೈ ಎರಡು ಹೋದವು. ಬಲ ಮೇಲ್ಗೈಯಲ್ಲಿ ಶಂಖ, ಎಡ ಮೇಲ್ಗೈಯಲ್ಲಿ ಚಕ್ರ ಇದ್ದರೆ ಕೇಶವ ಆಗಬಹುದು, ವಾಸುದೇವನೂ ಆಗಬಹುದು. ಇಬ್ಬರಿಗೂ ಇರುವ ವ್ಯತ್ಯಾಸ ಕೆಳಗೈಗಳಲ್ಲಿ. ಅದರ ಜೊತೆಗೆ ಫೋಟೋ ತಿರುಗಿದೆಯೋ ಇಲ್ಲವೋ ಗೊತ್ತಿಲ್ಲದಿದ್ದರೆ ಮಾಧವ, ಜನಾರ್ದನ ಕೂಡ ಸಾಲಿಗೆ ಸೇರುತ್ತಾರೆ. ಜನಿವಾರ ಇಳಿಯುವ ಸೊಂಟದ ಭಾಗವನ್ನೂ ಕತ್ತರಿಸಿಯಾಗಿದೆ. ಅಂದರೆ ಒಂದು ಕತ್ತರಿ ಎರಡು ಕೆಲಸ ಮಾಡಿತು: ಹೆಸರು ಹೇಳುವ ಕೈಗಳನ್ನೂ ತೆಗೆಯಿತು, ದಿಕ್ಕು ಹೇಳುವ ಸಾಕ್ಷಿಯನ್ನೂ ತೆಗೆಯಿತು. ನಾಲ್ಕು ಹೆಸರಿನಲ್ಲಿ ಯಾವುದು ಎಂದು ಆ ಫೋಟೋ ಹೇಳಲಾರದು. ಎಷ್ಟೇ ಓದಿದವರು ಬಂದರೂ ಅಷ್ಟೇ.

ಫೋಟೋ ತಿರುಗುವುದು ಯಾಕೆ ಅಂತ ಕೇಳುತ್ತೀರಿ. ಹಳೆಯದರಲ್ಲಿ ಮುಖ್ಯ ಕಾರಣ ನೆಗೆಟಿವ್. ನೆಗೆಟಿವ್‌ಗೆ ಎರಡು ಮೈ. ಒಂದು ಹೊಳೆಯುತ್ತದೆ, ಇನ್ನೊಂದು ಮಂಕು. ಮಂಕಾದ ಮೈ ಮೇಲೆ ಎಮಲ್ಷನ್ ಇರುತ್ತದೆ, ಚಿತ್ರ ಮೂಡಿರುವುದು ಅದರಲ್ಲಿ. ಹೊಳೆಯುವ ಮೈ ನಮ್ಮ ಕಡೆ ಇಟ್ಟುಕೊಂಡು ನೋಡಿದರೆ ಎಡಬಲ ಸರಿ ಇರುತ್ತದೆ. ತಿರುಗಿಸಿ ಇಟ್ಟು ಪ್ರಿಂಟ್ ತೆಗೆದರೆ ಎಲ್ಲವೂ ಅದಲುಬದಲು. ಫಿಲ್ಮ್ ಆದರೆ ಅಂಚಿನಲ್ಲಿ ಅಂಕಿ, ಅಕ್ಷರ ಇರುತ್ತವೆ, ಅವು ನೆಟ್ಟಗೆ ಓದಿಸಿಕೊಂಡರೆ ಚಿತ್ರವೂ ನೆಟ್ಟಗಿದೆ ಅಂತ ಲೆಕ್ಕ. ಹಳೆಯ ಗಾಜಿನ ಪ್ಲೇಟುಗಳಲ್ಲಿ ಆ ಅನುಕೂಲ ಇಲ್ಲ, ಹೊಳಪು, ಮಂಕು ನೋಡಿಯೇ ಹೇಳಬೇಕು. ಈಗ ಮನೆಯ ಅಟ್ಟದಿಂದ ನೆಗೆಟಿವ್ ಡಬ್ಬ ಇಳಿಸಿ, ಬೆಳಕಿನ ಹಲಗೆ ಮೇಲಿಟ್ಟು ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳುವವರು ಜಾಸ್ತಿಯಾಗಿದ್ದಾರೆ. ಒಳ್ಳೆಯದೇ. ಹೊಳೆಯುವ ಮೈ ಮೊಬೈಲಿನ ಕಡೆ ಇರಲಿ, ಅಷ್ಟೇ.

ಇನ್ನೊಂದು ಕಾರಣ ಪುಟ ಜೋಡಿಸುವವರು. ಫೋಟೋದಲ್ಲಿರುವವರು ಪುಟದ ಹೊರಗೆ ನೋಡುತ್ತಿದ್ದರೆ ಚೆನ್ನಾಗಿ ಕಾಣುವುದಿಲ್ಲ ಎಂದು ತಿರುವಿ, ಬರಹದ ಕಡೆಗೆ ನೋಡುವ ಹಾಗೆ ಕೂರಿಸುತ್ತಾರೆ. ಮೂರನೆಯದು ಸೆಲ್ಫಿ. ಮುಂದಿನ ಕ್ಯಾಮೆರಾ ಪರದೆಯ ಮೇಲೆ ಕನ್ನಡಿಯಂತೆ ತೋರಿಸುತ್ತದೆ. ಕೆಲವು ಫೋನುಗಳಲ್ಲಿ ಹಾಗೆಯೇ ಉಳಿಸಿಕೊಳ್ಳುವ ಆಯ್ಕೆಯೂ ಇದೆ. ಹೊರಗೋಡೆಯ ಮೂರ್ತಿ ಹಿನ್ನೆಲೆಯಲ್ಲಿರಲಿ ಎಂದು ಸೆಲ್ಫಿ ತೆಗೆದರೆ ಮೂರ್ತಿಯೂ ತಿರುಗಿಯೇ ಬರುತ್ತದೆ.

ಅಕ್ಷರ ಇದ್ದರೆ ಈ ತೊಂದರೆಯೇ ಇಲ್ಲ ಎಂದು ನೀವು ಹೇಳಬಹುದು. ತಿರುಗಿದ ಅಕ್ಷರ ಓದಲು ಬರುವುದಿಲ್ಲ, ತಕ್ಷಣ ಗೊತ್ತಾಗುತ್ತದೆ. ನಿಜ, ಅಕ್ಷರ ದೊಡ್ಡದಾಗಿದ್ದರೆ. ಹಳೆಯ ಫೋಟೋದಲ್ಲಿ ಅಂಗಡಿಯ ಬೋರ್ಡು ದೂರದಲ್ಲಿ ಮಸುಕಾಗಿ ಕಾಣುತ್ತದೆ. ಒಂದಕ್ಷರವೂ ಓದಲು ಆಗುವುದಿಲ್ಲ. ಆಗಲೂ ಕನ್ನಡ ಒಂದು ಸಹಾಯ ಮಾಡುತ್ತದೆ. ನಮ್ಮ ಕೊಂಬು, ದೀರ್ಘ, ಅರ್ಕಾವೊತ್ತು ಎಲ್ಲ ಅಕ್ಷರದ ಬಲಕ್ಕೆ ಅಂಟುತ್ತವೆ. ಗುಡಿಸು, ಎತ್ವ ಮೇಲೆ. ಒತ್ತು ಕೆಳಗೆ. ಎಡಕ್ಕೆ ಅಂಟುವ ಗುರುತು ಕನ್ನಡದಲ್ಲಿ ಒಂದೂ ಇಲ್ಲ. ಹಿಂದಿಯಲ್ಲಿ ‘ಇ’ಕಾರದ ಗುರುತು ಅಕ್ಷರದ ಎಡಕ್ಕೆ ಬರುತ್ತದೆ, ತಮಿಳು, ಮಲಯಾಳದಲ್ಲಿ ‘ಎ’ಕಾರದ್ದು ಎಡಕ್ಕೆ ಬರುತ್ತದೆ. ಕನ್ನಡದಲ್ಲಿ ಹಾಗಿಲ್ಲ. ಹಾಗಾಗಿ ಬೋರ್ಡಿನ ಅಕ್ಷರ ಓದಲು ಬಾರದಿದ್ದರೂ, ಸಣ್ಣ ಬಾಲಗಳು ಯಾವ ಕಡೆ ಚಾಚಿವೆ ಅಂತ ನೋಡಿ. ಎಲ್ಲವೂ ಎಡಕ್ಕೆ ಚಾಚಿದ್ದರೆ ಫೋಟೋ ತಿರುಗಿದೆ.

ಇಂಗ್ಲಿಷ್ ದೊಡ್ಡಕ್ಷರಗಳು ಈ ವಿಷಯದಲ್ಲಿ ಮೋಸ ಮಾಡುತ್ತವೆ. ಎ, ಎಚ್, ಎಂ, ಟಿ, ಓ, ವಿ ಇವು ತಿರುವಿದರೂ ಹಾಗೇ ಕಾಣುತ್ತವೆ. ಎಚ್‌ಎಂಟಿ ಗಡಿಯಾರವನ್ನೇ ತೆಗೆದುಕೊಳ್ಳಿ, ಒಂದು ಕಾಲದಲ್ಲಿ ಮದುವೆ ಗಂಡಿನ ಕೈಯಲ್ಲಿ ಅದಿಲ್ಲದ ಫೋಟೋ ಕಡಿಮೆ. ಮೂರಕ್ಷರವೂ ಎಡಬಲ ಸಮ. ತಿರುವಿದ ಫೋಟೋದಲ್ಲಿ ಒಂದೊಂದು ಅಕ್ಷರವೂ ನೆಟ್ಟಗೇ ಇರುತ್ತದೆ, ಸಾಲು ಮಾತ್ರ ಟಿಎಂಎಚ್ ಆಗಿರುತ್ತದೆ. ಸುಮ್ನೆ ಕಣ್ಣಾಡಿಸಿದರೆ ಗೊತ್ತೇ ಆಗುವುದಿಲ್ಲ. ಮುಳ್ಳು ನೋಡಿ ಸಮಯ ಹೇಳಿದರೆ 4:20 ಇದ್ದದ್ದು 7:40 ಆಗಿರುತ್ತದೆ. ಸಂಜೆಯ ಫೋಟೋ ಬೆಳಗಿನದಾಗಿಬಿಡುತ್ತದೆ.

ಅಂದಹಾಗೆ, ತಿರುಗಿಯೇ ಇರಬೇಕಾದ ಅಕ್ಷರಗಳೂ ಇವೆ. ಆಂಬುಲೆನ್ಸಿನ ಮುಂಭಾಗದಲ್ಲಿ ಹೆಸರನ್ನು ತಿರುವಿ ಬರೆದಿರುತ್ತಾರೆ, ಮುಂದಿನ ವಾಹನದವರಿಗೆ ಕನ್ನಡಿಯಲ್ಲಿ ನೆಟ್ಟಗೆ ಕಾಣಲಿ ಎಂದು. ಹಳೆಯ ಮುದ್ರಣಾಲಯದ ಅಚ್ಚಿನ ಮೊಳೆಗಳೂ ಹಾಗೆಯೇ, ತಿರುಗಿ ಇದ್ದರೇನೇ ಕಾಗದದ ಮೇಲೆ ಸರಿ ಬರುವುದು. ಮೊಳೆ ಜೋಡಿಸುವವರ ಫೋಟೋದಲ್ಲಿ ಮೊಳೆಯ ಮೇಲಿನ ಅಕ್ಷರ ಸಲೀಸಾಗಿ ಓದಲು ಬಂದರೆ ಖುಷಿ ಪಡಬೇಡಿ, ಆ ಫೋಟೋ ತಿರುಗಿದೆ.

ಕನ್ನಡ ಅಕ್ಷರಕ್ಕೆ ನಿಜವಾದ ಶತ್ರು ಕತ್ತರಿ. ಇಂಗ್ಲಿಷಿನಲ್ಲಿ ಒಂದು ಸಾಲಿನ ಕೆಳಗಿನ ಅರ್ಧ ಮುಚ್ಚಿ, ಮೇಲಿನ ಅರ್ಧ ನೋಡಿ ಬಹುಪಾಲು ಓದಬಹುದು. ಕನ್ನಡದಲ್ಲಿ ಹಾಗೆ ಮಾಡಿ ನೋಡಿ. ಒತ್ತಕ್ಷರ ಪೂರ್ತಿ ಕೆಳಗಿದೆ. ಫ್ರೇಮಿನ ಅಂಚು ಅಥವಾ ಕತ್ತರಿ ಆ ಕೆಳಗಿನ ಪಟ್ಟಿಯನ್ನು ತೆಗೆದರೆ ಕತ್ತೆ ಕತೆಯಾಗುತ್ತದೆ, ಮಗ್ಗ ಮಗ ಆಗುತ್ತದೆ. ಮಹಾಪ್ರಾಣದ ಗುರುತೂ ಅಕ್ಷರದ ಬುಡದಲ್ಲೇ ಇರುವುದು. ದ ಅಕ್ಷರದ ಹೊಟ್ಟೆ ಸೀಳಿದರೆ ಧ, ಬ ಅಕ್ಷರದ್ದು ಸೀಳಿದರೆ ಭ. ಬುಡ ಹೋದರೆ ಎರಡೂ ಒಂದೇ.

ಶಾಸನ ಮತ್ತು ಶಿಲ್ಪಿಗಳ ಸಹಿಯಲ್ಲಿ ಇದು ನೇರವಾಗಿ ಹೆಸರಿಗೇ ಪೆಟ್ಟು ಕೊಡುತ್ತದೆ. ತರೀಕೆರೆ ಹತ್ತಿರದ ಅಮೃತಾಪುರದಲ್ಲಿ ಅಮೃತೇಶ್ವರ ದೇವಸ್ಥಾನ ಇದೆ, 1196ರದ್ದು, ವೀರಬಲ್ಲಾಳನ ಕಾಲ. ಮಲ್ಲಿತಮ್ಮ ಎಂಬ ಶಿಲ್ಪಿ ಅಲ್ಲಿ ಕೆಲಸ ಮಾಡಿದವನು, ಮುಂದೆ ಸೋಮನಾಥಪುರದಲ್ಲೂ ಮಾಡಿದ. ಹೊಯ್ಸಳ ಶಿಲ್ಪಿಗಳು ಮೂರ್ತಿಯ ಪೀಠದಲ್ಲಿ ಹೆಸರು ಕೆತ್ತುತ್ತಿದ್ದರು. ಆ ಹೆಸರನ್ನು ಬರೆದು ನೋಡಿ, ಅದರಲ್ಲಿ ಎರಡು ಒತ್ತು ಇವೆ. ಪೀಠದ ಕೆಳ ಅಂಚು ಬಿಟ್ಟು ಫೋಟೋ ತೆಗೆದರೆ ಉಳಿಯುವುದು ‘ಮಲಿತಮ’. ಇದನ್ನು ನೋಡಿದವರು ಇನ್ಯಾರೋ ಒಬ್ಬ ಶಿಲ್ಪಿ ಎಂದುಕೊಂಡರೆ ಅವರದೇನೂ ತಪ್ಪಿಲ್ಲ. ಅದಕ್ಕೇ ಪೀಠದ ಫೋಟೋ ತೆಗೆಯುವಾಗ ಅಕ್ಷರದ ಸಾಲಿನ ಕೆಳಗೆ ಇನ್ನೊಂದು ಸಾಲಿನಷ್ಟು ಬರಿಯ ಕಲ್ಲು ಕಾಣುವ ಹಾಗೆ ತೆಗೆಯಿರಿ. ಕಲ್ಲು ಕಂಡರೆ ಮಾತ್ರ ‘ಇಲ್ಲಿ ಒತ್ತು ಇಲ್ಲ’ ಎಂದು ಧೈರ್ಯವಾಗಿ ಹೇಳಬಹುದು.

ಬಲ ಅಂಚಿನ ಕತ್ತರಿಯೂ ಕಡಿಮೆಯದಲ್ಲ. ನಮ್ಮ ‘ಮ’ ನೋಡಿ. ಅದರ ಬಲಬದಿಯ ಬಾಲ ತೆಗೆದರೆ ಉಳಿಯುವುದು ಹೆಚ್ಚುಕಡಿಮೆ ‘ವ’. ಬೋರ್ಡಿನಲ್ಲಿ ‘ರಾಮ’ ಎಂದಿದ್ದು, ಫೋಟೋದ ಅಂಚು ಮ ಅಕ್ಷರದ ನಡುವೆ ಬಂದರೆ ‘ರಾವ’ ಎಂದು ಕಾಣುತ್ತದೆ. ಓದುವವರು ಅದನ್ನು ರಾವ್ ಎಂದು ಓದಿಕೊಂಡು ಆ ಬೀದಿಯಲ್ಲಿ ಯಾವ ರಾಯರ ಅಂಗಡಿ ಇತ್ತು ಅಂತ ಹುಡುಕಲು ಹೊರಡುತ್ತಾರೆ.

ಈಗ ಮನುಷ್ಯರಿಗೆ ಬರೋಣ. ಮೊದಲು ಅಮೆರಿಕದ ಒಂದು ಪ್ರಸಿದ್ಧ ಉದಾಹರಣೆ. ಬಿಲ್ಲಿ ದ ಕಿಡ್ ಎಂಬ ಬಂದೂಕುಗಾರನ ಹೆಸರು ಕೇಳಿರಬಹುದು, 1881ರಲ್ಲಿ ಸತ್ತವನು. ಅವನ ಪ್ರಸಿದ್ಧ ಫೋಟೋದಲ್ಲಿ ಪಿಸ್ತೂಲು ಎಡ ಸೊಂಟದಲ್ಲಿ ಕಾಣುತ್ತದೆ. ಹಾಗಾಗಿ ಅವನು ಎಡಚ ಅಂತಲೇ ಬಹಳ ಕಾಲ ನಂಬಿದ್ದರು. 1958ರಲ್ಲಿ ಬಂದ ಒಂದು ಸಿನಿಮಾದ ಹೆಸರಿನಲ್ಲೇ ಅವನ ಎಡಗೈ ಇತ್ತು. ಆದರೆ ಆ ಫೋಟೋ ತೆಗೆದದ್ದು ತೆಳುವಾದ ಕಬ್ಬಿಣದ ತಗಡಿನ ಮೇಲೆ. ಆ ಪದ್ಧತಿಯಲ್ಲಿ ನೆಗೆಟಿವ್ ಇಲ್ಲ, ತಗಡಿನ ಮೇಲೆ ಮೂಡಿದ್ದೇ ಕೊನೆಯ ಚಿತ್ರ, ಅದು ಯಾವಾಗಲೂ ಕನ್ನಡಿಯಂತೆ ತಿರುಗಿರುತ್ತದೆ. ಸಾಕ್ಷಿ ಅವನ ಪಕ್ಕದಲ್ಲೇ ಇತ್ತು. ಅವನು ಹಿಡಿದ ವಿಂಚೆಸ್ಟರ್ ಬಂದೂಕಿನಲ್ಲಿ ಗುಂಡು ತುಂಬುವ ಕಿಂಡಿ ಇರುವುದು ಬಲಮೈಯಲ್ಲಿ. ಫೋಟೋದಲ್ಲಿ ಅದು ಎಡಮೈಯಲ್ಲಿ ಕಾಣುತ್ತದೆ. ನಾನು ಆಗ ಹೇಳಿದ ನಿಯಮವೇ ಇಲ್ಲೂ: ಕೈಯ ಪ್ರಶ್ನೆಗೆ ಕೈಯನ್ನು ಕೇಳಬಾರದು, ಬಂದೂಕನ್ನು ಕೇಳಬೇಕು.

ನಮ್ಮ ಮನೆಗಳ ಫೋಟೋದಲ್ಲಿ ಬಂದೂಕು ಇರಲಿಕ್ಕಿಲ್ಲ, ಆದರೆ ಸೈಕಲ್ ಇರುತ್ತದೆ, ಚೈನು ಬಲಗಡೆ. ಹೊಲಿಗೆ ಯಂತ್ರ ಇರುತ್ತದೆ, ಮೇಲಿನ ಕೈಚಕ್ರ ಹೊಲಿಯುವವರ ಬಲಕ್ಕೆ. ಗಡಿಯಾರದ ಕೀಲಿ ಮೂರರ ಪಕ್ಕ. ಇವೆಲ್ಲ ಕಾರ್ಖಾನೆಯಿಂದಲೇ ಹಾಗೆ ಬಂದವು, ಹಾಗಾಗಿ ಗಟ್ಟಿ ಸಾಕ್ಷಿ. ಬಟ್ಟೆ ನಡುವಿನ ದರ್ಜೆ: ಗಂಡಸರ ಅಂಗಿಯ ಜೇಬು ಎಡಕ್ಕೆ, ಗುಂಡಿ ಹಾಕಿದಾಗ ಎಡ ಪಟ್ಟಿ ಮೇಲೆ. ಗಡಿಯಾರ ಯಾವ ಕೈಯಲ್ಲಿ, ಬೈತಲೆ ಯಾವ ಕಡೆ, ಮೂಗುಬೊಟ್ಟು ಯಾವ ಕಡೆ, ಇವು ಅವರವರ ಇಷ್ಟ ಮತ್ತು ಮನೆತನದ ರೂಢಿ. ಇವನ್ನು ನಂಬಿ ಏನನ್ನೂ ತೀರ್ಮಾನಿಸಬೇಡಿ.

ಸೆರಗು ಎಡ ಭುಜದ ಮೇಲೆ ಅನ್ನುವುದು ಈಗಿನ ರೂಢಿಗೆ ಸರಿ. ಆದರೆ ಕೊಡವರ ಸೀರೆಯಲ್ಲಿ ಸೆರಗು ಬಲ ಭುಜದ ಮೇಲೆ ಬರುತ್ತದೆ. ನಮ್ಮಲ್ಲೂ ಹಿಂದಿನ ಹೆಂಗಸರು ಬೇರೆ ಬೇರೆ ರೀತಿ ಉಡುತ್ತಿದ್ದರು. ಅಜ್ಜಿಯ ಫೋಟೋ ನೋಡಿ ಸೆರಗಿನ ಮೇಲೆ ತೀರ್ಪು ಕೊಡುವ ಮೊದಲು ಅವರ ಮನೆಯಲ್ಲಿ ಹೇಗೆ ಉಡುತ್ತಿದ್ದರು ಎಂದು ಕೇಳಿ. ಜನಿವಾರಕ್ಕೂ ಒಂದು ಎಚ್ಚರಿಕೆ ಇದೆ. ಕಲ್ಲಿನ ಮೂರ್ತಿ ಜನಿವಾರ ಬದಲಿಸುವುದಿಲ್ಲ, ಮನುಷ್ಯ ಬದಲಿಸುತ್ತಾನೆ. ಶ್ರಾದ್ಧ, ತರ್ಪಣದ ಹೊತ್ತಿನಲ್ಲಿ ಅದು ಬಲ ಭುಜಕ್ಕೆ ಹೋಗುತ್ತದೆ. ಫೋಟೋದಲ್ಲಿ ಬಾಳೆಲೆ, ಎಳ್ಳು, ದರ್ಭೆ ಕಂಡರೆ ಫೋಟೋ ತಿರುಗಿದೆ ಅನ್ನಲು ಆತುರ ಪಡಬೇಡಿ.

ಕೊನೆಯದಾಗಿ ನಿಮ್ಮಲ್ಲಿ ಹಲವರಿಗೆ ಎದುರಾಗುವ ಕೆಲಸ: ಶಾಲೆಯ ಗ್ರೂಪ್ ಫೋಟೋ. ಒಂದು ಹೈಸ್ಕೂಲಿನ ಹಳೆಯ ಫೋಟೋ ತೆಗೆದುಕೊಳ್ಳೋಣ. ಮುಂದಿನ ಸಾಲಿನಲ್ಲಿ ಏಳು ಕುರ್ಚಿ, ಏಳು ಮೇಷ್ಟ್ರು, ಸರಿಯಾಗಿ ನಡುವೆ ಹೆಡ್‌ಮಾಸ್ಟರು. ಮೂಲ ಫೋಟೋದ ರಟ್ಟಿನ ಮೇಲೆ ‘ಕುಳಿತವರು, ಎಡದಿಂದ ಬಲಕ್ಕೆ’ ಎಂದು ಏಳು ಹೆಸರು. ಶಾಲೆಯ ವಾರ್ಷಿಕೋತ್ಸವದ ಪುಸ್ತಕಕ್ಕೆ ಯಾರೋ ನೆಗೆಟಿವ್‌ನಿಂದ ಹೊಸ ಪ್ರಿಂಟ್ ಹಾಕಿಸಿದರು, ಅದು ತಿರುಗಿ ಬಂತು. ಹೆಸರುಗಳನ್ನು ರಟ್ಟಿನಿಂದ ಹಾಗೇ ನಕಲು ಮಾಡಿದರು.

ಈಗ ಒಂದನೆಯವರ ಹೆಸರು ಏಳನೆಯವರಿಗೆ, ಎರಡನೆಯವರದ್ದು ಆರನೆಯವರಿಗೆ, ಮೂರನೆಯವರದ್ದು ಐದನೆಯವರಿಗೆ ಹೋಯಿತು. ನಾಲ್ಕನೆಯವರು ಮಾತ್ರ ಹೆಡ್‌ಮಾಸ್ಟರೇ. ಕಷ್ಟ ಇರುವುದೇ ಇಲ್ಲಿ. ಪುಸ್ತಕ ನೋಡಿದ ಎಲ್ಲರಿಗೂ ಗೊತ್ತಿರುವ ಒಂದೇ ಮುಖ ಹೆಡ್‌ಮಾಸ್ಟರರದ್ದು. ಆ ಹೆಸರು ಸರಿ ಇದೆ, ಹಾಗಾದರೆ ಉಳಿದದ್ದೂ ಸರಿ ಇರಬೇಕು ಎಂದುಕೊಳ್ಳುತ್ತಾರೆ. ಆರು ಜನರ ಹೆಸರು ತಪ್ಪಾಗಿ ಉಳಿದುಹೋಗುತ್ತದೆ.

ಇದರ ಬದಲು ಪುಟಕ್ಕೆ ಹಿಡಿಸಲಿಲ್ಲ ಎಂದು ಎಡ ತುದಿಯ ಒಬ್ಬರನ್ನು ಕತ್ತರಿಸಿದ್ದರೆ? ಆರು ತಲೆ, ಏಳು ಹೆಸರು. ಅಚ್ಚು ನೋಡುವವರು ಕೊನೆಯ ಹೆಸರನ್ನು ಹೊಡೆದು ಹಾಕುತ್ತಾರೆ. ಆಗ ಹೆಡ್‌ಮಾಸ್ಟರು ಮೂರನೆಯ ಕುರ್ಚಿಗೆ ಬಂದರು, ಅವರ ಕೆಳಗೆ ಇನ್ಯಾರದೋ ಹೆಸರು. ಪುಸ್ತಕ ಬಿಡುಗಡೆಯ ದಿನವೇ ಗಲಾಟೆ, ತಪ್ಪು ಗೊತ್ತಾಯಿತು. ಹಾಗಾಗಿ ಹೆಸರಿನ ಪಟ್ಟಿ ಇರುವ ಫೋಟೋದಲ್ಲಿ ನನಗೆ ಕತ್ತರಿಗಿಂತ ಕನ್ನಡಿಯ ಭಯವೇ ಜಾಸ್ತಿ. ಕತ್ತರಿಸಿದ್ದು ಅಂಚಿನಲ್ಲಿ ಗುರುತು ಬಿಟ್ಟಿರುತ್ತದೆ: ಅರ್ಧ ಕುರ್ಚಿಯ ಕೈ, ಯಾರದೋ ಮೊಣಕೈ, ನಡುವೆ ಇರಬೇಕಾದವರು ನಡುವೆ ಇಲ್ಲದಿರುವುದು. ಸಾಲಾಗಿ ಕೂತ ಗ್ರೂಪ್ ಫೋಟೋ ಮೊದಲೇ ಎಡಬಲ ಸಮ, ಅದನ್ನು ತಿರುವಿದರೆ ಏನೂ ಆಗದ ಹಾಗೆ ಕಾಣುತ್ತದೆ.

ಇಂಥದ್ದರಲ್ಲಿ ಕೋಟುಗಳನ್ನು ನೋಡಿ. ಒಬ್ಬರ ಕೋಟು ಎಡವಟ್ಟಾಗಿ ಹೊಲಿದಿರಬಹುದು, ಏಳು ಜನರದ್ದು ಹಾಗಿರುವುದಿಲ್ಲ. ಎಲ್ಲರ ಎದೆ ಜೇಬೂ ಬಲಕ್ಕೆ ಬಂದಿದ್ದರೆ ಫೋಟೋವನ್ನು ತಿರುವಿ, ಆಮೇಲೆ ಹೆಸರು ಹಚ್ಚಿ.

ಆ ಫೋಟೋದಲ್ಲಿರುವವರೇ ಯಾರಾದರೂ ಬದುಕಿದ್ದರೆ ಅವರನ್ನೇ ಕೇಳಬಹುದಲ್ಲ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಕೇಳಿ, ಆದರೆ ಅವರ ಸ್ವಂತ ಮುಖದ ಬಗ್ಗೆ ಕೇಳಬೇಡಿ. ನಾವು ಜೀವಮಾನವಿಡೀ ನಮ್ಮ ಮುಖವನ್ನು ನೋಡುವುದು ಕನ್ನಡಿಯಲ್ಲಿ, ಬೈತಲೆ, ಮಚ್ಚೆ ಎಲ್ಲ ತಿರುಗಿದ ಹಾಗೆ. ನಮ್ಮವರು ನೋಡುವುದು ನೇರವಾಗಿ. 1977ರಲ್ಲಿ ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು, ಮೀಟಾ, ಡರ್ಮರ್ ಮತ್ತು ನೈಟ್, ಇದನ್ನು ಪರೀಕ್ಷಿಸಿದರು. ಒಬ್ಬರ ಫೋಟೋದ ಎರಡು ಪ್ರತಿ, ಒಂದು ನೇರ, ಒಂದು ತಿರುವಿದ್ದು. ಯಾವುದು ಇಷ್ಟ ಎಂದು ಕೇಳಿದಾಗ ಫೋಟೋದಲ್ಲಿದ್ದವರು ಹೆಚ್ಚಾಗಿ ತಿರುವಿದ್ದನ್ನು ಆರಿಸಿದರು, ಅವರ ಆಪ್ತರು ನೇರವಾದದ್ದನ್ನು. ಹಾಗಾಗಿ ಹಿಂದಿನ ಸಾಲಿನಲ್ಲಿ ನಿಂತಿದ್ದ ಅಜ್ಜನಿಗೆ ಎರಡು ಪ್ರತಿ ತೋರಿಸಿ ‘ಇದರಲ್ಲಿ ನೀವು ಸರಿಯಾಗಿ ಕಾಣುವುದು ಯಾವುದು’ ಎಂದರೆ ಅವರು ತಪ್ಪು ಪ್ರತಿಗೆ ಬೆರಳಿಡುವ ಸಾಧ್ಯತೆಯೇ ಹೆಚ್ಚು, ಅದೂ ಪೂರ್ತಿ ನಂಬಿಕೆಯಿಂದ. ಅವರನ್ನು ಬೇರೆ ಪ್ರಶ್ನೆ ಕೇಳಿ: ‘ನಿಮ್ಮ ಬಲಗಡೆ ಯಾರು ನಿಂತಿದ್ದರು? ಕಟ್ಟಡದ ಬಾಗಿಲು ಯಾವ ಕಡೆ ಇತ್ತು?’ ಮುಖದ ಬಗ್ಗೆ ಕೇಳುವುದಿದ್ದರೆ ಪಕ್ಕದ ಬೆಂಚಿನ ಗೆಳೆಯನನ್ನು ಕೇಳಿ. ಇಬ್ಬರ ಉತ್ತರವನ್ನೂ ಬರೆದುಕೊಳ್ಳಿ. ಕೋಟಿನ ಜೇಬು ಯಾರ ಕಡೆ ಇದೆ ನೋಡಿ, ಆಮೇಲೆ ಪುಸ್ತಕಕ್ಕೆ ಕಳಿಸಿ.